ಕ್ಷೌರಿಕನೊಬ್ಬನ ಪರಿಚಯಪತ್ರ

ತನ್ನ ಗುಣಗಳನ್ನು ತಾನೇ ಬರೆದು ನಾಲ್ವರಿಗೆ ತೋರಿಸಬೇಕಾದ ಪ್ರಸಂಗವು ಸಭ್ಯನಾದ ಮನುಷ್ಯನನ್ನು ಪೇಚಿಗೆ ಸಿಕ್ಕಿಸುತ್ತದೆ. ಬರೆಯದಿದ್ದರೆ ಬಂದವನಿಗೆ ಏನೂ ತಿಳಿಯದು. ಬರೆದರೆ ಆತ್ಮಪ್ರಶಂಸೆಯ ದೋಷವು ತಪ್ಪದು. ಕವಿಗಳಿಗೂ ಪಂಡಿತರಿಗೂ ಈ ಪೇಚು ಹೊಸದಲ್ಲ. ಆದರೆ ಕಳೆದ ಬೇಸಿಗೆಯಲ್ಲಿ ಇದು ವಾಡಿಯ ನಿಲ್ದಾಣದ ಸಮೀಪದಲ್ಲಿ ಕ್ಷೌರದ ಅಂಗಡಿಯನ್ನಿಟ್ಟಿರುವ ಒಬ್ಬ ಹಡಪದ ಗೃಹಸ್ಥನಿಗೆ ಒದಗಿ, ಆತನ ಎರಡು ರಾತ್ರಿಗಳ ನಿದ್ರೆಯನ್ನು ಕೆಡಿಸಿತು.

ಸಂಗತಿಯು ಸಣ್ಣದು. ಅಂಗಡಿಯಲ್ಲಿ ಕುರ್ಚಿಗಳು ಎರಡೇ, ಬರುವವರು ಬಹಳ. ಪಾಳಿ ಬದಲಾಗುವ ಹೊತ್ತಿಗೆ ಸಿಮೆಂಟು ಕಾರ್ಖಾನೆಯವರೂ, ಗಾಡಿ ಹಿಡಿಯುವ ಅವಸರದಲ್ಲಿ ರೈಲ್ವೆಯವರೂ ಬಂದು ಬೆಂಚಿನ ಮೇಲೆ ಕಾದು ಬೇಸರಗೊಂಡು ಎದ್ದು ಹೋಗುತ್ತಿದ್ದರು. ಆದಕಾರಣ ಹೊತ್ತನ್ನು ಮುಂಗಡವಾಗಿ ಗೊತ್ತುಮಾಡಿಕೊಳ್ಳುವ ಏರ್ಪಾಡನ್ನು ಮಗನು ಮಾಡಿದನು. ಹಾಗೆ ಗೊತ್ತುಮಾಡಿಕೊಳ್ಳುವವರಲ್ಲಿ ಅನೇಕರು ಅಂಗಡಿಯ ಮುಖವನ್ನೇ ಕಾಣದವರು. ಅವರು ಮೊದಲು ಓದಿಕೊಳ್ಳುವಂತೆ ಯಜಮಾನನ ಪರಿಚಯವೊಂದು ಅರ್ಧ ಹಾಳೆಯಷ್ಟು ಬೇಕಾಯಿತು. ಕಾಲೇಜಿನಲ್ಲಿ ಓದಿದ ಮಗನು ಕ್ಷಣಮಾತ್ರದಲ್ಲಿ ಒಂದು ಕರಡನ್ನು ಬರೆದು ತಂದೆಗೆ ಓದಿ ಹೇಳಿದನು. ಅದರಲ್ಲಿ ಮೂರು ಮಾತುಗಳಿದ್ದುವು: ಉನ್ನತ ತರಬೇತಿ ಪಡೆದ ಕುಶಲ ಹಸ್ತ, ಮೂವತ್ತು ವರ್ಷಗಳ ದೀರ್ಘಾನುಭವ, ಗಿರಾಕಿಗಳ ಸುಖವೇ ಪರಮ ಧ್ಯೇಯ.

ತಂದೆಯು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದನ್ನ ಎದುರಿಗಿನ ಅರಿವಿ ಅಂಗಡಿಯಾಂವ ತನ್ನ ಬಾಗಿಲಿಗೆ ಹಚ್ಚಿದರೂ ನಡೀತದ ನೋಡಪ್ಪ” ಎಂದನು.

ಈ ಮಾತಿನಲ್ಲಿ ವಿಮರ್ಶಕನೊಬ್ಬನು ಹೇಳಬೇಕಾದದ್ದೆಲ್ಲವೂ ಅಡಗಿದೆ. ಅರಿವೆಯ ಅಂಗಡಿಗೆ ಹೋದವನು ತನ್ನ ಕೈಯಿಂದ ಅರಿವೆಯನ್ನು ಮುಟ್ಟಿ ನೋಡುತ್ತಾನೆ. ಬೇಡವೆನಿಸಿದರೆ ಎದ್ದು ಬರುತ್ತಾನೆ. ಕ್ಷೌರದ ಅಂಗಡಿಗೆ ಹೋದವನಾದರೋ ಕಣ್ಣು ಮುಚ್ಚಿ, ತಲೆಯನ್ನು ಹಿಂದಕ್ಕೆ ಚಾಚಿ, ತನ್ನ ಕಂಠವನ್ನು ಅಪರಿಚಿತನ ಅಲಗಿಗೆ ಒಪ್ಪಿಸುತ್ತಾನೆ. ಅಷ್ಟು ದೊಡ್ಡ ವಿಶ್ವಾಸಕ್ಕೆ ಆಧಾರವಾಗಬೇಕಾದ ಅರ್ಧ ಹಾಳೆಯು ಯಾವ ಅಂಗಡಿಗಾದರೂ ಒಪ್ಪುವಂತಹದಾಗಿದ್ದರೆ, ಅದು ಯಾವ ಅಂಗಡಿಯ ವಿಷಯವನ್ನೂ ತಿಳಿಸಲಿಲ್ಲವೆಂದೇ ಅರ್ಥ. ವಿದ್ಯೆ, ವರ್ಷ, ಸುಖ ಎಂಬ ಆ ಮೂರು ಮಾತುಗಳನ್ನೇ ಒಂದೊಂದಾಗಿ ಬಿಚ್ಚಿ ನೋಡಿದಾಗ ತಂದೆಮಕ್ಕಳಿಗೆ ಏನು ಕಂಡಿತೆಂಬುದೇ ಇಲ್ಲಿಯ ವಿಷಯ.

ಮೊದಲು ವೃತ್ತಿಯ ಹೆಸರಿನ ಮಾತು. ಅಮರಕೋಶವು ಕ್ಷೌರಿಕನಿಗೆ ಕ್ಷುರೀ, ಮುಂಡೀ, ದಿವಾಕೀರ್ತಿ, ನಾಪಿತ, ಅಂತಾವಸಾಯೀ ಎಂದು ಐದು ಹೆಸರುಗಳನ್ನು ಕೊಡುತ್ತದೆ. ಇವುಗಳಲ್ಲಿ ದಿವಾಕೀರ್ತಿ ಎಂಬುದರಲ್ಲಿ ಹಗಲು ಎಂಬ ಅರ್ಥವು ಸೇರಿದೆ. ಅಲಗಿನ ಕೆಲಸಕ್ಕೆ ಬೆಳಕು ಬೇಕೆಂಬುದು ಸಹಜವಾದ ಮಾತೇ. ಕಲಬುರಗಿಯ ಸೀಮೆಯಲ್ಲಿ ಈ ವೃತ್ತಿಯವರು ಹಡಪದವರು. ಹಡಪವೆಂದರೆ ಎಲೆಯಡಿಕೆಯ ಚೀಲ. ಕ್ಷೌರಿಕನ ಹತ್ಯಾರಗಳ ಚೀಲಕ್ಕೂ ಅದೇ ಹೆಸರು. ೧೨ನೆಯ ಶತಮಾನದಲ್ಲಿ ಬಸವಣ್ಣನವರ ಆಪ್ತನಾಗಿದ್ದ ಹಡಪದ ಅಪ್ಪಣ್ಣನು ವಚನಕಾರನು. ಆತನ ಪತ್ನಿ ಲಿಂಗಮ್ಮನೂ ವಚನಗಳನ್ನು ರಚಿಸಿದವಳು. ಈ ಸಂಗತಿಯನ್ನು ಪರಿಚಯಪತ್ರದಲ್ಲಿ ಸೇರಿಸೋಣವೆಂದು ಮಗನು ಕೇಳಿದಾಗ ತಂದೆಯು ಒಪ್ಪಲಿಲ್ಲ. ಅಪ್ಪಣ್ಣನ ಹೆಸರು ಮನೆಯ ಜಗಲಿಯ ಮೇಲಿರಲಿ, ಅದನ್ನು ತೋರಿಸಿ ದಾಡಿ ಮಾಡುವುದು ಬೇಡವೆಂಬುದು ಆತನ ಅಭಿಪ್ರಾಯ.

ಇನ್ನು ವಿದ್ಯೆಯ ವಿಚಾರ. ಯಜಮಾನನು ಹದಿಮೂರನೆಯ ವಯಸ್ಸಿನಲ್ಲಿ ಚಿತ್ತಾಪುರದ ಕಡೆಯ ಒಂದು ಹಳ್ಳಿಯಲ್ಲಿ ಸೋದರಮಾವನ ಕೈಕೆಳಗೆ ಸೇರಿದನು. ಆಗಿನ್ನೂ ಆ ಹಳ್ಳಿಗಳಲ್ಲಿ ಆಯದ ಪದ್ಧತಿಯು ಅಷ್ಟಿಷ್ಟು ಉಳಿದಿತ್ತು. ವರ್ಷವೆಲ್ಲ ಮನೆಮನೆಗೆ ಹೋಗಿ ಕ್ಷೌರ ಮಾಡುವುದು, ಜೋಳದ ರಾಶಿಯಾದಾಗ ಕಣಕ್ಕೆ ಹೋಗಿ ಪಾಲನ್ನು ತರುವುದು. ಮೊದಲನೆಯ ವರ್ಷವೆಲ್ಲ ಹುಡುಗನಿಗೆ ನೀರು ಕಾಯಿಸುವುದು, ಕೂದಲು ಗುಡಿಸುವುದು, ಬಟ್ಟಲು ತೊಳೆಯುವುದು ಇಷ್ಟೇ ಕೆಲಸ. ಆಮೇಲೆ ಮಾವನು ಬೋರಲು ಹಾಕಿದ ಮಡಕೆಗೆ ಸಾಬೂನಿನ ನೊರೆಯನ್ನು ಬಳಿದು, ಕತ್ತಿಯಿಂದ ಆ ನೊರೆಯನ್ನು ಮಾತ್ರ ತೆಗೆಯುವಂತೆ ಹೇಳುತ್ತಿದ್ದನು. ಕತ್ತಿಯು ಮಡಕೆಗೆ ತಾಗಿ ಕೆರೆದ ಸದ್ದು ಬಂದರೆ ಒಳಗಿನಿಂದಲೇ ಗದರಿಕೆ. ಮಡಕೆಯ ಉಬ್ಬು ತಲೆಯ ಉಬ್ಬಿನಂತೆಯೇ ಇರುವುದರಿಂದ, ಮಣಿಕಟ್ಟು ಎಲ್ಲಿ ತಿರುಗಬೇಕು ಎಂಬುದು ಅದರಿಂದ ಕೈಗೆ ಬರುತ್ತದೆ. ಮಡಕೆಯ ತರುವಾಯ ತನ್ನದೇ ಮೊಣಕಾಲ ಕೆಳಗಿನ ರೋಮ, ಆ ಮೇಲೆ ಮುದುಕರ ಬೋಳುತಲೆ, ಕಟ್ಟಕಡೆಗೆ ದಾಡಿ. ದಾಡಿಯಲ್ಲಿಯೂ ಕೆನ್ನೆ ಮೊದಲು, ಗದ್ದ ಆಮೇಲೆ, ಗಂಟಲು ಎಲ್ಲಕ್ಕಿಂತ ಕೊನೆಗೆ. ಗಂಟಲನ್ನು ಮುಟ್ಟಲು ಮಾವನು ಅಪ್ಪಣೆ ಕೊಟ್ಟದ್ದು ನಾಲ್ಕನೆಯ ವರ್ಷದಲ್ಲಿ.

ಅಲಗನ್ನು ಕಾಯುವುದೂ ಆಗ ಒಂದು ವಿದ್ಯೆಯೇ ಆಗಿತ್ತು. ಸಾಣೆಕಲ್ಲಿನ ಮೇಲೆ ಬೆನ್ನನ್ನೂ ಬಾಯನ್ನೂ ಸಮನಾಗಿ ಒರಗಿಸಿ ಎಳೆಯಬೇಕು. ಅನಂತರ ಚರ್ಮದ ಪಟ್ಟಿಯ ಮೇಲೆ ಬಾಯಿಗೆ ವಿರುದ್ಧವಾಗಿ, ಬೆನ್ನು ಮುಂದಾಗಿ ಎಳೆಯಬೇಕು. ತಪ್ಪಿ ಬಾಯಿ ಮುಂದಾದರೆ ಪಟ್ಟಿಯೂ ಹೋಯಿತು, ಅಲಗೂ ಹೋಯಿತು. ಈಗ ಎರಡು ಬಾಯಿಯ ಪತ್ತಿಯನ್ನು ಕಾಗದದೊಳಗಿರುವಾಗಲೇ ನಡುವೆ ಮುರಿದು, ಅರ್ಧವನ್ನು ಹಿಡಿಯೊಳಗೆ ಸಿಕ್ಕಿಸುವ ಕತ್ತಿಗಳು ಬಂದುದರಿಂದ ಸಾಣೆಕಲ್ಲು ಅಟ್ಟವನ್ನು ಸೇರಿದೆ.

ಹೀಗೆ ಆರು ವರ್ಷಗಳ ವಿದ್ಯೆ. ಆದರೆ ಇದಕ್ಕೆ ಯಾವ ಪ್ರಮಾಣಪತ್ರವೂ ಇಲ್ಲ. ಪ್ರಮಾಣಪತ್ರವಿರುವುದು ಮತ್ತೊಂದು ವಿದ್ಯೆಗೆ. ೨೦೨೩ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರವು ವಿಶ್ವಕರ್ಮ ಯೋಜನೆಯನ್ನು ಆರಂಭಿಸಿ, ಹದಿನೆಂಟು ಕಸುಬುಗಳಲ್ಲಿ ಕ್ಷೌರವನ್ನೂ ಸೇರಿಸಿತು. ಆರಂಭದ ತರಬೇತಿಯು ಐದರಿಂದ ಏಳು ದಿನ; ದಿನಕ್ಕೆ ೫೦೦ ರೂಪಾಯಿಯ ಭತ್ಯ; ಹತ್ಯಾರಗಳಿಗೆ ೧೫,೦೦೦ ರೂಪಾಯಿಯವರೆಗೆ ನೆರವು. ಯಜಮಾನನು ಐವತ್ತು ದಾಟಿದ ಮೇಲೆ ಮಗನ ವಯಸ್ಸಿನವರ ನಡುವೆ ಆರು ದಿನ ಕುಳಿತು ಬಂದನು. ಭತ್ಯದ ಆಸೆಯಿಂದಲೇ ಹೋದದ್ದೆಂದು ಆತನೇ ಒಪ್ಪಿಕೊಳ್ಳುತ್ತಾನೆ.

ಈಗ ವಿನೋದವನ್ನು ನೋಡಬೇಕು. ಮಾವನ ಬಳಿ ಕಲಿತದ್ದಕ್ಕೆ ಕಾಗದವಿಲ್ಲವೆಂದು ಮಗನು ಅದನ್ನು ಬಿಟ್ಟಿದ್ದನು. ಮುದಿ ವಯಸ್ಸಿನಲ್ಲಿ ಪಾಠಕ್ಕೆ ಕುಳಿತೆನೆಂದು ಜನರು ನಗುವರೆಂದು ತಂದೆಯು ಪ್ರಮಾಣಪತ್ರವನ್ನು ಬಿಡಿಸಬೇಕೆಂದಿದ್ದನು. ಆರು ವರ್ಷಗಳನ್ನು ಒಬ್ಬನು ಅಳಿಸುತ್ತಿದ್ದನು; ಆರು ದಿನಗಳನ್ನು ಇನ್ನೊಬ್ಬನು ಅಳಿಸುತ್ತಿದ್ದನು. ಆದರೆ ಈ ಎರಡೂ ಒಂದೇ ವಿದ್ಯೆಯ ಎರಡು ಭಾಗಗಳು. ಮೊದಲನೆಯದರಿಂದ ಬಂದದ್ದು ಕೈ. ಎರಡನೆಯದರಿಂದ ಬಂದದ್ದು, ಕಣ್ಣಿಗೆ ಕಾಣದ ಕೊಳೆಯ ಅರಿವು. ಒಂದೇ ಕತ್ತಿಯಿಂದ ಇಡೀ ಊರಿಗೆ ಕ್ಷೌರ ಮಾಡಿದ ಮಾವನು ಎರಡನೆಯದನ್ನು ಕಲಿಸುವಂತಿರಲಿಲ್ಲ. ಆರು ದಿನದ ಗುರುಗಳು ಮೊದಲನೆಯದನ್ನು ಕಲಿಸುವಂತಿರಲಿಲ್ಲ.

ಎರಡನೆಯದರ ಬೆಲೆಯು ಯಜಮಾನನಿಗೆ ತಿಳಿಯಲು ಒಂದು ಹಳೆಯ ಪ್ರಕರಣವು ಕಾರಣವಾಯಿತು. ಏಳೆಂಟು ವರ್ಷಗಳ ಹಿಂದೆ ಶಹಾಬಾದಿನಲ್ಲಿ ಹಾಸುಗಲ್ಲಿಗೆ ಹೊಳಪು ಕೊಡುವ ಕೆಲಸದ ಗಿರಾಕಿಯೊಬ್ಬನು ವಾರಕ್ಕೊಮ್ಮೆ ಬಂದು ದಾಡಿ ಮಾಡಿಸಿಕೊಳ್ಳುತ್ತಿದ್ದನು. ಒಮ್ಮೆ ಬಂದಾಗ ಅವನ ಗದ್ದದ ತುಂಬ ಗುಳ್ಳೆಗಳು. ಕಲ್ಲಿನ ಧೂಳಿನಿಂದ ಆಗಿರಬೇಕೆಂದು ಇಬ್ಬರೂ ಭಾವಿಸಿದರು. ಯಜಮಾನನು ಎಂದಿನಂತೆ ನೊರೆ ಹಚ್ಚಿ ಅದರ ಮೇಲೆಯೇ ಕತ್ತಿಯಾಡಿಸಿ ಪಟಿಕವನ್ನು ತಿಕ್ಕಿ ಕಳುಹಿಸಿದನು. ಮುಂದಿನ ವಾರಕ್ಕೆ ಗುಳ್ಳೆಗಳು ಕೆನ್ನೆಗೂ ಹರಡಿ, ಮುಖವು ಊದಿ, ಅವನು ದವಾಖಾನೆಗೆ ಹೋಗಬೇಕಾಯಿತು. ಅಷ್ಟರಲ್ಲಿ ಆ ದಿನವೇ ದಾಡಿ ಮಾಡಿಸಿಕೊಂಡಿದ್ದ ಮತ್ತಿಬ್ಬರಿಗೂ ಅದೇ ಬಗೆಯ ಗುಳ್ಳೆಗಳು ಕಾಣಿಸಿಕೊಂಡುವು. ಪತ್ತಿಯು ಪ್ರತಿಯೊಬ್ಬರಿಗೂ ಹೊಸದೇ ಆಗಿತ್ತು. ಹಾಗಾದರೆ ರೋಗವು ಯಾವ ದಾರಿಯಿಂದ ನಡೆದು ಹೋಯಿತು?

ಆ ದಾರಿಯು ಆತನಿಗೆ ತಿಳಿದದ್ದು ತರಬೇತಿಯ ಎರಡನೆಯ ದಿನ. ಅದು ಪಟಿಕದ ಗಟ್ಟಿ. ರಕ್ತವನ್ನು ನಿಲ್ಲಿಸುವ ಪಟಿಕವು ಶುದ್ಧವಾದ ವಸ್ತುವೆಂಬ ನಂಬಿಕೆಯಿಂದ ಒಂದೇ ಗಟ್ಟಿಯನ್ನು ಒದ್ದೆ ಮಾಡಿ ಹತ್ತು ಮುಖಗಳ ಹಸಿಗಾಯಗಳ ಮೇಲೆ ತಿಕ್ಕುವುದು ಎಲ್ಲ ಅಂಗಡಿಗಳಲ್ಲಿಯೂ ನಡೆದು ಬಂದ ರೂಢಿ. ಪತ್ತಿಯನ್ನು ಬದಲಾಯಿಸಿ ಪಟಿಕವನ್ನು ಬದಲಾಯಿಸದಿರುವುದು ಮುಂಬಾಗಿಲಿಗೆ ಅಗಳಿ ಹಾಕಿ ಹಿತ್ತಲ ಬಾಗಿಲನ್ನು ತೆರೆದಿಟ್ಟಂತೆ. ನೊರೆಯ ಕುಂಚದ್ದೂ ಅದೇ ಕಥೆ. ಕೀವಿನ ಗುಳ್ಳೆಗಳು ಇಲ್ಲಿ ಸಣ್ಣ ಅಪಾಯವೇ. ಕಾಮಾಲೆಯನ್ನುಂಟುಮಾಡುವ ಹೆಪಟೈಟಿಸ್ ಬಿ ರೋಗದ ವಿಷಾಣುವು ಒಣಗಿದ ರಕ್ತದಲ್ಲಿ, ಕಣ್ಣಿಗೆ ಕಲೆಯೂ ಕಾಣದಿರುವಾಗ, ಏಳು ದಿನಗಳಾದರೂ ಜೀವದಿಂದಿರಬಲ್ಲುದು. ಒಂದು ವಾರದ ಹಿಂದೆ ಬಂದವನ ರಕ್ತವು ಇಂದು ಬಂದವನ ಗಾಯವನ್ನು ಸೇರುವುದೆಂದರೆ ಅದು ಉತ್ಪ್ರೇಕ್ಷೆಯಲ್ಲ.

ಗುಳ್ಳೆಗಳಲ್ಲಿಯೂ ಎರಡು ಬಗೆಯೆಂಬುದನ್ನು ಗುರುತಿಸಲು ಆತನು ಅಲ್ಲಿಯೇ ಕಲಿತನು. ಗುಂಗುರು ಕೂದಲಿನವರಿಗೆ, ಕೂದಲು ಮಲಗಿದ ದಿಕ್ಕಿಗೆ ಎದುರಾಗಿ ತೀರ ಬುಡಕ್ಕೆ ಕ್ಷೌರ ಮಾಡಿದರೆ, ಎರಡು ಮೂರು ದಿನಗಳಲ್ಲಿ ಕೂದಲ ತುದಿಯು ಒಳಕ್ಕೆ ಬಾಗಿ ಚರ್ಮವನ್ನೇ ಚುಚ್ಚಿ ಗಡುಸಾದ ಗುಳ್ಳೆಯಾಗುತ್ತದೆ. ಇದು ಹೆಚ್ಚಾಗಿ ದವಡೆಯ ಕೆಳಗೆ, ಕುತ್ತಿಗೆಯಲ್ಲಿ. ಇದು ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಕೆಲವು ವಾರ ಕತ್ತಿಯನ್ನು ಬಿಟ್ಟು ಯಂತ್ರದಿಂದ ಸ್ವಲ್ಪ ಉದ್ದ ಉಳಿಸಿ ಕತ್ತರಿಸಿದರೆ ಸಾಕು. ಅಂಟುವ ಬಗೆಯದರಲ್ಲಾದರೋ ಕೀವು ತುಂಬಿರುತ್ತದೆ, ನಡುವೆ ಕೂದಲೊಂದು ನಿಂತಿರುತ್ತದೆ, ಉರಿಯಿರುತ್ತದೆ, ದಿನದಿಂದ ದಿನಕ್ಕೆ ಹರಡುತ್ತದೆ. ಅಂತಹ ಮುಖಕ್ಕೆ ಕತ್ತಿಯನ್ನು ಮುಟ್ಟಿಸದೆ ವೈದ್ಯನ ಬಳಿಗೆ ಕಳುಹಿಸುವುದೇ ಕ್ಷೌರಿಕನ ಕರ್ತವ್ಯ. ಶಹಾಬಾದಿನ ಗಿರಾಕಿಯ ಮುಖದಲ್ಲಿ ಇವೆಲ್ಲ ಲಕ್ಷಣಗಳೂ ಇದ್ದುವು. ನೋಡುವ ಕಣ್ಣು ಮಾತ್ರ ಇರಲಿಲ್ಲ.

ಇದರಿಂದ ವರ್ಷಗಳ ಮಾತು ತಾನಾಗಿಯೇ ಬರುತ್ತದೆ. ಮೂವತ್ತು ವರ್ಷಗಳ ಅನುಭವವೆಂದು ಬರೆಯುವುದು ಸುಲಭ. ಆದರೆ ತಪ್ಪನ್ನು ಮೂವತ್ತು ವರ್ಷ ಮಾಡಿದರೂ ಮೂವತ್ತು ವರ್ಷಗಳೇ ಆಗುತ್ತವೆ. ವರ್ಷಗಳಿಂದ ಬರುವ ಲಾಭವಿಲ್ಲವೆಂದಲ್ಲ. ಸೇಡಮಿನ ಕಡೆಯ ತೊಗರಿಯ ರೈತನು ರಾಶಿಯ ಕಾಲದಲ್ಲಿ ಬಂದರೆ ಅವನ ಮುಖದ ಚರ್ಮವು ಬಿಸಿಲಿಗೆ ಬಿರಿದಿರುತ್ತದೆಂದೂ, ನೀರನ್ನು ಎರಡರಷ್ಟು ಹೊತ್ತು ಒತ್ತಬೇಕೆಂದೂ ಆತನಿಗೆ ಗೊತ್ತು. ವಾಡಿಯ ಕಾರ್ಖಾನೆಯಿಂದ ನೇರವಾಗಿ ಬಂದವನ ಕೂದಲಿನಲ್ಲಿ ಸುಣ್ಣಗಲ್ಲಿನ ಹುಡಿಯಿರುವುದರಿಂದ ಮೊದಲು ತೊಳೆಯದೆ ಕತ್ತರಿಯನ್ನಿಟ್ಟರೆ ಕತ್ತರಿ ಮೊಂಡಾಗುತ್ತದೆ, ಮೊಂಡಾದ ಕತ್ತರಿಯು ಕೂದಲನ್ನು ಕತ್ತರಿಸದೆ ಜಗ್ಗುತ್ತದೆ ಎಂದು ಗೊತ್ತು. ಚಿಂಚೋಳಿಯ ಗುಡ್ಡದ ಕಡೆಯವನು ಎರಡು ತಿಂಗಳಿಗೊಮ್ಮೆ ಬರುವವನಾದ್ದರಿಂದ, ಬೆಳೆದಾಗಲೂ ಅಂದಗೆಡದ ಹಾಗೆ ಕತ್ತರಿಸಬೇಕೆಂದು ಗೊತ್ತು. ಚಿತ್ತಾಪುರದ ಕಚೇರಿಯ ಗುಮಾಸ್ತನಿಗೆ ನೆತ್ತಿಯಲ್ಲಿ ಎರಡು ಸುಳಿಗಳಿವೆಯೆಂದೂ ಗೊತ್ತು. ಇವನ್ನು ಯಾವ ಆರು ದಿನಗಳೂ ಕಲಿಸವು.

ಆದರೆ ವರ್ಷಗಳು ಕೊಟ್ಟ ಒಂದು ಕೀರ್ತಿಯೇ ಪರಿಚಯಪತ್ರದಲ್ಲಿ ಬಹು ದೊಡ್ಡ ತೊಡಕಾಯಿತು. ಕ್ಷೌರದ ಕೊನೆಗೆ ತಲೆಯನ್ನು ತಿಕ್ಕಿ, ಗದ್ದವನ್ನೂ ನೆತ್ತಿಯನ್ನೂ ಹಿಡಿದು, ಕುತ್ತಿಗೆಯನ್ನು ಥಟ್ಟನೆ ಎರಡು ಕಡೆಗೂ ತಿರುಗಿಸಿ ನೆಟಿಗೆ ತೆಗೆಯುವುದರಲ್ಲಿ ಈತನು ನಾಲ್ಕೂ ತಾಲೂಕುಗಳಲ್ಲಿ ಹೆಸರಾಂತವನು. ರಾತ್ರಿಯೆಲ್ಲ ಗಾಡಿ ನಡೆಸಿ ಬಂದವರು ಆ ಸದ್ದಿಗಾಗಿಯೇ ಬರುತ್ತಿದ್ದರು. ಮಗನ ಕರಡಿನಲ್ಲಿ ‘ಗಿರಾಕಿಗಳ ಸುಖ’ ಎಂಬುದಕ್ಕೆ ಅರ್ಥವೇ ಅದು.

ತರಬೇತಿಯಿಂದ ಬಂದ ಮೇಲೆ ಯಜಮಾನನು ಅದನ್ನು ನಿಲ್ಲಿಸಿದ್ದನು. ಕಾರಣವು ಹೀಗಿದೆ. ಕುತ್ತಿಗೆಯ ಎಲುಬುಗಳ ಪಕ್ಕದಲ್ಲಿರುವ ಸಣ್ಣ ರಂಧ್ರಗಳ ಮೂಲಕ ಎರಡು ರಕ್ತನಾಳಗಳು ಮೇಲಕ್ಕೇರಿ ಮಿದುಳಿನ ಹಿಂಭಾಗಕ್ಕೆ ರಕ್ತವನ್ನು ಒಯ್ಯುತ್ತವೆ. ಕುತ್ತಿಗೆಯನ್ನು ಬಲವಾಗಿ ಥಟ್ಟನೆ ತಿರುಗಿಸಿದಾಗ, ಅಪರೂಪವಾಗಿಯಾದರೂ, ಆ ನಾಳದ ಒಳಪದರವು ಹರಿಯಬಹುದು. ಹರಿದಲ್ಲಿ ರಕ್ತವು ಹೆಪ್ಪುಗಟ್ಟಿ, ಆ ಹೆಪ್ಪು ಮಿದುಳಿಗೆ ಹೋದರೆ ಲಕ್ವಾ. ೧೯೯೩ರಲ್ಲಿ ಅಮೇರಿಕದ ವೈದ್ಯನಾದ ವೈನ್‌ಟ್ರಾಬ್ ಎಂಬವನು, ಕೇಶಾಲಂಕಾರದ ಅಂಗಡಿಗಳಲ್ಲಿ ತೊಳೆಯುವ ತೊಟ್ಟಿಗೆ ಕುತ್ತಿಗೆಯನ್ನು ಹಿಂದಕ್ಕೆ ಬಾಗಿಸಿದ್ದರಿಂದ ಇಂತಹ ತೊಂದರೆಗೊಳಗಾದ ಐವರು ಹೆಂಗಸರ ವಿಷಯವನ್ನು ಪ್ರಕಟಿಸಿದನು. ೨೦೨೪ರಲ್ಲಿ ಬಳ್ಳಾರಿಯ ಕಡೆಯ ತರುಣನೊಬ್ಬನಿಗೆ ಕ್ಷೌರದಂಗಡಿಯ ತಲೆತಿಕ್ಕಿನಲ್ಲಿ ಕುತ್ತಿಗೆ ತಿರುಗಿಸಿದ ಮೇಲೆ ಲಕ್ವಾ ಹೊಡೆದ ಸುದ್ದಿಯು ನಮ್ಮ ಪತ್ರಿಕೆಗಳಲ್ಲಿಯೇ ಬಂದಿತು. ಇದರ ಲಕ್ಷಣಗಳು ಒಡನೆಯೇ ತೋರಬೇಕೆಂದಿಲ್ಲ; ಕೆಲವು ಗಂಟೆಗಳ ಅಥವಾ ಕೆಲವು ದಿನಗಳ ಮೇಲೆ ತಲೆಸುತ್ತು, ನಡಿಗೆಯಲ್ಲಿ ಓಲಾಟ, ಮಾತಿನ ತೊದಲು, ಒಂದು ವಸ್ತು ಎರಡಾಗಿ ಕಾಣುವುದು ಇವು ತೋರಬಹುದು. ಆಗ ಒಂದು ಗಳಿಗೆಯನ್ನೂ ಕಳೆಯದೆ ದೊಡ್ಡ ದವಾಖಾನೆಗೆ ಹೋಗಬೇಕು.

“ಇಪ್ಪತ್ತೆಂಟು ವರ್ಸ ತೆಗದೀ, ಯಾರಿಗೇನಾಗ್ಯಾದ ಯಪ್ಪಾ?” ಎಂದು ಮಗನು ಕೇಳಿದನು.

“ನನ್ನ ಕುರ್ಚಿಂದ ಎದ್ದು ಹೋದಾಂವ ಮೂರು ದಿನದ ಮ್ಯಾಗ ಸೊಲ್ಲಾಪುರದಾಗ ಬಿದ್ದರೆ ನನಗ್ಯಾರು ಬಂದು ಹೇಳತಾರಪ್ಪ?” ಎಂದು ತಂದೆಯು ಹೇಳಿದನು.

ವರ್ಷಗಳ ಅನುಭವಕ್ಕಿರುವ ಮಿತಿಯು ಈ ಉತ್ತರದಲ್ಲಿ ಸ್ಪಷ್ಟವಾಗಿದೆ. ಕಣ್ಣೆದುರಿಗೆ ನಡೆದದ್ದನ್ನು ಅನುಭವವು ಕಲಿಸುತ್ತದೆ. ಬಾಗಿಲಿನಾಚೆಗೆ ನಡೆದದ್ದನ್ನು ಕಲಿಸದು. ಅದಕ್ಕೆ ಬೇರೆಯವರು ಕೂಡಿಸಿಟ್ಟ ಅರಿವು ಬೇಕು. ಮಗನ ಚಿಂತೆಯೂ ನ್ಯಾಯವಾದದ್ದೇ. ನೆಟಿಗೆ ತೆಗೆಯುವುದಿಲ್ಲವೆಂದು ಬರೆದರೆ ಗಿರಾಕಿಗಳು ಎದುರಿನ ಓಣಿಗೆ ಹೋಗುವರು. ಮನೆಯಲ್ಲಿ ತಂಗಿಯ ಮದುವೆಯ ಸಾಲವಿದೆ. ಬರೆಯದೆ ಸುಮ್ಮನಿದ್ದು, ಕೇಳಿದವರಿಗೆ ಮಾತ್ರ ಇಲ್ಲವೆನ್ನಬಹುದಲ್ಲವೇ? ಎರಡನೆಯ ರಾತ್ರಿಯ ನಿದ್ರೆಯು ಕೆಟ್ಟದ್ದು ಈ ಪ್ರಶ್ನೆಯಿಂದ.

ಕೊನೆಗೆ ಯಜಮಾನನು ಸುಖವೆಂಬ ಮಾತಿಗೆ ತನ್ನದೇ ಅರ್ಥವನ್ನು ಹುಡುಕಿಕೊಂಡನು. ಚರಕಸಂಹಿತೆಯು ಕೇಶ, ಶ್ಮಶ್ರು, ನಖಗಳನ್ನು ಕತ್ತರಿಸುವುದರಿಂದ ಪುಷ್ಟಿಯೂ ಆಯುಷ್ಯವೂ ಶುಚಿಯೂ ರೂಪವೂ ಉಂಟಾಗುವುವೆಂದು ಹೇಳುತ್ತದೆ. ಅಲ್ಲಿ ಶುಚಿಯನ್ನು ರೂಪದೊಂದಿಗೆ ಸೇರಿಸಿ ಹೇಳಿರುವುದು ಗಮನಾರ್ಹವಾಗಿದೆ. ಯಜಮಾನನಿಗೆ ಚರಕನ ಪರಿಚಯವಿಲ್ಲ. ಆದರೆ ಕುರ್ಚಿಯಲ್ಲಿ ಕುಳಿತವನಿಗೆ ನಿಜವಾದ ಸುಖವಾವುದೆಂದು ಆತನು ಬೆರಳು ಮಡಿಸಿ ಎಣಿಸಿದಾಗ, ಅವೆಲ್ಲವೂ ಬಹು ಸಾಮಾನ್ಯವಾದ ಸಂಗತಿಗಳಾಗಿದ್ದುವು. ಬಿಸಿನೀರಿನ ಅರಿವೆಯನ್ನು ಎರಡು ಮೂರು ನಿಮಿಷ ಒತ್ತಿ ಕೂದಲನ್ನು ಮೆದುಮಾಡುವುದು. ಬೆರಳಿನಿಂದ ಚರ್ಮವನ್ನು ಬಿಗಿಹಿಡಿದು, ಅಲಗನ್ನು ಸುಮಾರು ೩೦ ಅಂಶಗಳಷ್ಟು ಒರಗಿಸಿ, ಮೊದಲು ಕೂದಲು ಮಲಗಿದ ದಿಕ್ಕಿನಲ್ಲಿಯೇ ಸಣ್ಣ ಸಣ್ಣ ಎಳೆತಗಳಿಂದ ತೆಗೆಯುವುದು. ಬೇಸಿಗೆಯಲ್ಲಿ ಬೆವರು ಗಾಯಕ್ಕಿಳಿದು ಉರಿಯದಂತೆ ನಡುನಡುವೆ ಹಣೆಯನ್ನು ಒರೆಸುವುದು. ಕತ್ತರಿಸಿದ ಕೂದಲು ಕಣ್ಣಿಗೆ ಹಾರದಂತೆ ಫ್ಯಾನಿನ ಮುಖವನ್ನು ತಿರುಗಿಸುವುದು. ಮಾತು ಬೇಡದವನೊಡನೆ ಮಾತಾಡದಿರುವುದು. ಇವಕ್ಕೆ ಹೆಚ್ಚಿನ ಖರ್ಚಿಲ್ಲ, ಅಪಾಯವೂ ಇಲ್ಲ. ನೆಟಿಗೆಯ ಬದಲು ಹೆಗಲನ್ನೂ ಬೆನ್ನಿನ ಮೇಲ್ಭಾಗವನ್ನೂ ಅಂಗೈಯಿಂದ ಒತ್ತಿದರೆ ದಣಿವು ಹೆಚ್ಚು ಕಡಿಮೆ ಅಷ್ಟೇ ಇಳಿಯುತ್ತದೆ. ಸದ್ದು ಮಾತ್ರ ಬರುವುದಿಲ್ಲ.

ಕೂದಲಿಗೆ ಕಪ್ಪು ಹಚ್ಚುವ ವಿಷಯದಲ್ಲಿಯೂ ಆತನು ಒಂದು ನಿಯಮವನ್ನು ಮಾಡಿಕೊಂಡನು. ಆ ಕಪ್ಪಿನಲ್ಲಿರುವ ರಾಸಾಯನಿಕವು ಕೆಲವರ ಚರ್ಮಕ್ಕೆ ಒಗ್ಗದೆ ತಲೆಯೂ ಕಣ್ಣಿನ ರೆಪ್ಪೆಗಳೂ ಊದಿಕೊಳ್ಳುತ್ತವೆ. ಅನೇಕ ಸಲ ಹಚ್ಚಿಸಿಕೊಂಡು ಏನೂ ಆಗದವರಿಗೂ ಒಮ್ಮೆ ಆಗಬಹುದು. ಆದಕಾರಣ ಎರಡು ದಿನ ಮುಂಚೆ ಕಿವಿಯ ಹಿಂದೆ ಒಂದು ಬಿಂದುವನ್ನು ಹಚ್ಚಿ ಕಳುಹಿಸಿ, ತುರಿಕೆ ಕೆಂಪು ಕಾಣದಿದ್ದರೆ ಮಾತ್ರ ತಲೆಗೆ ಹಚ್ಚುವುದು. ನಾಳೆಯ ಮದುವೆಗೆ ಇಂದು ಬಂದವನು ಸಿಟ್ಟಾಗುವನು. ಆಗಲಿ.

ಹೀಗೆ ಮೂರನೆಯ ದಿನ ಬೆಳಗ್ಗೆ, ಅಂಗಡಿಯನ್ನು ತೆರೆಯುವ ಮೊದಲು, ತಂದೆಯು ಹೇಳುತ್ತ ಹೋದನು, ಮಗನು ಬರೆದನು. ಭಾಷೆಯನ್ನು ಮಗನು ತಿದ್ದಿದ್ದಾನೆ, ಸಂಗತಿಗಳನ್ನು ತಿದ್ದಿಲ್ಲ. ಹೆಸರಿನ ಕೆಳಗೆ ಹೀಗಿದೆ:

“ಚಿತ್ತಾಪುರದ ಕಡೆಯ ನನ್ನ ಸೋದರಮಾವನಲ್ಲಿ ೬ ವರ್ಷ ಕತ್ತಿಯ ಕೆಲಸವನ್ನು ಕಲಿತೆನು. ಸರ್ಕಾರದ ತರಬೇತಿಯಲ್ಲಿ ೬ ದಿನ ಶುಚಿತ್ವವನ್ನು ಕಲಿತೆನು. ವಾಡಿಯಲ್ಲಿ ಅಂಗಡಿ ಇಟ್ಟು ೩೦ ವರ್ಷವಾಯಿತು. ಪತ್ತಿಯನ್ನು ನಿಮ್ಮ ಎದುರಿಗೆ ಬಿಚ್ಚುತ್ತೇನೆ, ನಿಮ್ಮ ಎದುರಿಗೇ ಬಿಸಾಡುತ್ತೇನೆ. ಪಟಿಕದ ಗಟ್ಟಿಯನ್ನು ಮುಖಕ್ಕೆ ತಿಕ್ಕುವುದಿಲ್ಲ; ಪುಡಿಯನ್ನು ಹತ್ತಿಯಿಂದ ಹಚ್ಚಿ ಹತ್ತಿಯನ್ನು ಬಿಸಾಡುತ್ತೇನೆ. ಬಾಚಣಿಗೆ ಕುಂಚಗಳನ್ನು ಪ್ರತಿಯೊಬ್ಬರಿಗೂ ಮೊದಲು ಸಾಬೂನಿನಲ್ಲಿ ತೊಳೆದು ಆಮೇಲೆ ಬ್ಲೀಚಿಂಗ್ ನೀರಿನಲ್ಲಿ ೧೦ ನಿಮಿಷ ಮುಳುಗಿಸಿಡುತ್ತೇನೆ. ಕತ್ತರಿ ಕತ್ತಿಗಳನ್ನು ತೊಳೆದು ಸ್ಪಿರಿಟಿನಿಂದ ಒರೆಸುತ್ತೇನೆ. ಮುಖದಲ್ಲಿ ಕೀವಿನ ಗುಳ್ಳೆಗಳಿದ್ದರೆ ಕ್ಷೌರ ಮಾಡುವುದಿಲ್ಲ. ವಾಸಿಯಾದ ಮೇಲೆ ಬನ್ನಿರಿ. ಕೂದಲಿಗೆ ಕಪ್ಪು ಬೇಕಾದವರು ಎರಡು ದಿನ ಮುಂಚೆ ಒಮ್ಮೆ ಬಂದು ಹೋಗಬೇಕು. ಮೊದಲು ಕುತ್ತಿಗೆಯ ನೆಟಿಗೆಯನ್ನು ತೆಗೆಯುತ್ತಿದ್ದೆನು. ಅದರಿಂದ ಅಪಾಯವುಂಟೆಂದು ತಿಳಿದು ಈಗ ಬಿಟ್ಟಿದ್ದೇನೆ.”

ತೊಳೆದ ಮೇಲೆಯೇ ಮುಳುಗಿಸಬೇಕೆಂಬ ಕ್ರಮಕ್ಕೆ ಕಾರಣವುಂಟು. ಸಾಬೂನಿನ ಜಿಡ್ಡೂ ಕೂದಲ ಚೂರುಗಳೂ ಅಂಟಿಕೊಂಡಿದ್ದರೆ ಔಷಧವು ಅವುಗಳ ಅಡಿಗೆ ತಲುಪುವುದಿಲ್ಲ. ಬ್ಲೀಚಿಂಗ್ ದ್ರಾವಣವು ಐದು ಪ್ರತಿಶತದ್ದಾದರೆ ಒಂದು ಪಾಲಿಗೆ ಒಂಬತ್ತು ಪಾಲು ನೀರು. ನಿನ್ನೆ ಮಾಡಿಟ್ಟದ್ದು ಇಂದಿಗೆ ಸತ್ವಗುಂದಿರುತ್ತದೆಯಾದ್ದರಿಂದ ನಿತ್ಯವೂ ಹೊಸದಾಗಿ ಮಾಡಬೇಕು. ಆ ನೀರು ಲೋಹವನ್ನು ತಿನ್ನುವುದರಿಂದ ಕತ್ತರಿ ಕತ್ತಿಗಳಿಗೆ ಸ್ಪಿರಿಟೇ ತಕ್ಕದ್ದು. ಓದಿದ ಗಿರಾಕಿಯು ಕುರ್ಚಿಯಲ್ಲಿ ಕುಳಿತು, ಬರೆದಂತೆ ನಡೆಯುತ್ತಿದೆಯೇ ಎಂದು ತಾನೇ ನೋಡಿಕೊಳ್ಳಬಹುದು. ಮೊದಲಿನ ಕರಡಿನ ಮಾತುಗಳನ್ನು ಯಾರೂ ಹಾಗೆ ಪರೀಕ್ಷಿಸುವಂತಿರಲಿಲ್ಲ.

ಗಿರಾಕಿಗಳು ಕೆಲವರು ಹೋದರು. ಅವರಲ್ಲಿ ಹಳಬರೂ ಇದ್ದರು. ಎಲ್ಲರೂ ಹಿಂದಿರುಗಿದರೆಂದು ಹೇಳಿದರೆ ಸುಳ್ಳಾಗುವುದು. ಒಬ್ಬಿಬ್ಬರು ಮಕ್ಕಳನ್ನು ಕರೆದುಕೊಂಡು ಬರತೊಡಗಿದರು. ಸಾಲವು ಇನ್ನೂ ಇದೆ.

ಶ್ರಾವಣದಲ್ಲಿ ಯಜಮಾನನು ಆ ಹಾಳೆಯನ್ನು ತೆಗೆದುಕೊಂಡು ಚಿತ್ತಾಪುರದ ಕಡೆಗೆ ಮಾವನನ್ನು ಕಾಣಲು ಹೋದನು. ಮಾವನಿಗೆ ಈಗ ಎಂಬತ್ತು ದಾಟಿದೆ. ಅಕ್ಷರ ಬಾರದು, ಕಣ್ಣೂ ಮಂಜಾಗಿದೆ. ಓದಿಸಿ ಕೇಳಿ, ತನ್ನ ಮಾತು ಬಂದೆಡೆಯಲ್ಲಿ ಇನ್ನೊಮ್ಮೆ ಓದೆಂದನು. ಆಮೇಲೆ ಕೈಯನ್ನು ಚಾಚಿ ಅಳಿಯನ ಗದ್ದವನ್ನು ಸವರಿ ನೋಡಿ, “ಯಾರು ಮಾಡ್ಯಾರೋ ದಾಡಿ? ದವಡಿ ಕೆಳಗ ಒಂದೀಟು ಬಿಟ್ಟಾನ” ಎಂದನು. ಮಾಡಿದವನು ಮಗ. ಬರೆಯಲು ಬಲ್ಲ ಆ ಮಗನನ್ನು ಮರುದಿನದಿಂದ ತಂದೆಯು ಬೆಳಗಿನ ಹೊತ್ತು ಮಡಕೆಯ ಮುಂದೆ ಕೂರಿಸಿದ್ದಾನೆ.